ನೀಲಿ ಮಾತ್ರೆ ಊಟದ ಮೇಲೆ, ಚಹಾ ಆಮೇಲೆ

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆ ಎಷ್ಟೋ ಸಲ ಕಿಟಕಿಯಾಚೆ ಬೀಳುತ್ತದೆ. ‘ಹೊಟ್ಟೆ ತೊಳಸುತ್ತೆ ಮಿಸ್’ ಅನ್ನುತ್ತೀರಿ ಅಲ್ವಾ? ಸುಳ್ಳೇನಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು. ಅದಕ್ಕೇ ಬಿಸಿಯೂಟ ಮುಗಿಸಿ, ಅಗಿಯದೆ, ಒಂದು ಲೋಟ ನೀರಿನ ಜೊತೆ ನುಂಗಿ. ಮರುದಿನ ಮಲ ಕಪ್ಪಗಾದರೆ ಗಾಬರಿ ಬೇಡ. ಮೈಗೆ ಹತ್ತದೆ ಉಳಿದ ಕಬ್ಬಿಣ ಹಾಗೆ ಹೊರಗೆ ಹೋಗುತ್ತದೆ.

ಆ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ವಾರಕ್ಕೊಂದು ನುಂಗುವುದು ರಕ್ತ ಕಮ್ಮಿಯಾಗದಿರಲಿ ಎಂದು. ಆಗಲೇ ಕಮ್ಮಿಯಾಗಿದ್ದರೆ ಅಷ್ಟು ಸಾಲದು. ಮೆಟ್ಟಿಲು ಹತ್ತುವಾಗ ಏದುಸಿರು, ಸುಮ್ನೆ ಸುಸ್ತು, ಕೆಳ ರೆಪ್ಪೆಯ ಒಳಗೆ ಬಿಳಿಚಿದ ಬಣ್ಣ ಕಂಡರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. 12 ವರ್ಷ ದಾಟಿದ ಹುಡುಗಿಯರಿಗೆ ಅದು 12 ಗ್ರಾಂಗಿಂತ ಕಡಿಮೆ ಇರಬಾರದು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ 9.8 ಬಂತು ಅಂದುಕೊಳ್ಳಿ. ವೈದ್ಯರು ದಿನಕ್ಕೆ ಎರಡು ಮಾತ್ರೆ ಬರೆದರು. ತಪ್ಪದೆ ನುಂಗಿದರೂ ತಿಂಗಳಾದ ಮೇಲೆ 10 ಮಾತ್ರ. ವಿಚಾರಿಸಿದರೆ, ಬೆಳಿಗ್ಗೆ ತಿಂಡಿ, ಮಾತ್ರೆ, ಚಹಾ ಎಲ್ಲ ಒಟ್ಟಿಗೆ! ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕರುಳಿಗೆ ಬಿಟ್ಟುಕೊಡುವುದಿಲ್ಲ. ಕಾಫಿಯೂ ಅಷ್ಟೇ. ಮಾತ್ರೆಗೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡುವು ಕೊಡಬೇಕು. ಹಾಗೆ ಮಾಡಿಯೂ ತಿಂಗಳಲ್ಲಿ ಸುಮಾರು 1 ಗ್ರಾಂ ಏರದಿದ್ದರೆ ಮತ್ತೆ ವೈದ್ಯರ ಹತ್ತಿರ ಹೋಗಬೇಕು. ಹೊಟ್ಟೆಯಲ್ಲಿ ಹುಳು ಇರಬಹುದು. ಮುಟ್ಟಿನಲ್ಲಿ ಏಳು ದಿನ ದಾಟಿಯೂ ರಕ್ತ ಹೋಗುತ್ತಿರಬಹುದು, ನಾಚಿಕೆಪಟ್ಟು ಅದನ್ನು ಮುಚ್ಚಿಡಬೇಡಿ. 12 ಮುಟ್ಟಿತೆಂದು ನೀವೇ ಮಾತ್ರೆ ಬಿಡಬೇಡಿ, ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ.

ಇನ್ನು ತಟ್ಟೆಯ ವಿಷಯ. ಬೀಟ್‌ರೂಟ್ ಕೆಂಪಗಿದೆ ಎಂದ ಮಾತ್ರಕ್ಕೆ ರಕ್ತ ಆಗುವುದಿಲ್ಲ, ಅದರಲ್ಲಿ ಕಬ್ಬಿಣ ಅಷ್ಟೇನಿಲ್ಲ. ದಾಳಿಂಬೆಯಲ್ಲೂ ತೀರಾ ಕಡಿಮೆ. ಆ ದುಡ್ಡಿಗೆ ಹುರಳಿಕಾಳು ತನ್ನಿ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಉಸಲಿ ಮಾಡಿ. ಮೊಳಕೆ ಬಂದರೆ ಕಾಳಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತದೆ. ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ, ಕುದಿಯುವಾಗ ಹಿಂಡಿದರೆ ಅದರ ಸಿ ವಿಟಮಿನ್ ಹಾಳಾಗುತ್ತದೆ. ನಿಂಬೆ ಇಲ್ಲದಿದ್ದರೆ ಊಟದ ಜೊತೆ ಒಂದು ಸೀಬೆಕಾಯಿ ಸಾಕು. ಹಿತ್ತಲ ನುಗ್ಗೆಸೊಪ್ಪು, ಹರಿವೆಸೊಪ್ಪಿನ ಪಲ್ಯಕ್ಕೂ ಇದೇ ಉಪಾಯ. ಮಾಂಸ ತಿನ್ನುವ ಮನೆಯಾದರೆ ವಾರಕ್ಕೊಮ್ಮೆ ಸ್ವಲ್ಪ ಈಲಿ ಹಾಕಿಸಿಕೊಳ್ಳಿ. ಅದರ ಕಬ್ಬಿಣ ಸೊಪ್ಪಿನದಕ್ಕಿಂತ ಬೇಗ ಹತ್ತುತ್ತದೆ.

ಮನೆಗೆ ತಂದ ಮಾತ್ರೆಗಳನ್ನು ಮಾತ್ರ ಪುಟ್ಟ ತಮ್ಮ ತಂಗಿಯರ ಕೈಗೆ ಸಿಗದ ಹಾಗೆ ಮೇಲಿಡಿ. ಚಿಕ್ಕ ಮಕ್ಕಳು ಪೆಪ್ಪರ್‌ಮಿಂಟ್ ಅಂದುಕೊಂಡು ನಾಲ್ಕಾರು ನುಂಗಿದರೆ ಅದು ವಿಷವಾಗಬಹುದು. ಹಾಗಾದರೆ ವಾಂತಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.