ಜರ್ಮನ್ ಪರ್ಫೆಕ್ಟ್ ವಾಕ್ಯವನ್ನು ಕೊನೆಯಿಂದ ಕಟ್ಟಿಸಿದೆ: ಬೇರ್ಪಡುವ ಕ್ರಿಯಾಪದಗಳ ಅಭ್ಯಾಸದ ಹಾಳೆಗಳಲ್ಲಿ ನನ್ನ ಅನುಭವ

ಶಿವಮೊಗ್ಗದಲ್ಲಿ ನನ್ನ ಬಳಿ ಜರ್ಮನ್ ಕಲಿಯಲು ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಮುಗಿಸಿದವರು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿದ್ದು, ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆಯುತ್ತಾರೆ. ಕಲಿಕೆಯ ಎರಡನೆಯ ಮೆಟ್ಟಿಲಾದ ಎ2 ಹಂತದಲ್ಲಿ ನಿನ್ನೆ ಏನು ಮಾಡಿದೆ, ಕಳೆದ ವಾರ ಎಲ್ಲಿಗೆ ಹೋದೆ ಎಂದು ಬರೆಯಲೇಬೇಕು, ಹೇಳಲೇಬೇಕು. ಅಲ್ಲೆಲ್ಲ ಪರ್ಫೆಕ್ಟ್ ಎಂಬ ಭೂತಕಾಲದ ರೂಪ ಬರುತ್ತದೆ. ಪರ್ಫೆಕ್ಟ್ ಬಂದಲ್ಲಿ ‘ಔಫ್‌ಶ್ಟೇಎನ್’, ‘ಆನ್‌ರೂಫೆನ್’ ಬಗೆಯ, ಉಪಸರ್ಗ ಕಳಚಿ ನಿಲ್ಲುವ ಬೇರ್ಪಡುವ ಕ್ರಿಯಾಪದಗಳೂ ಬರುತ್ತವೆ. ಈ ಒಂದು ಜಾಗದಲ್ಲಿ ನಮ್ಮ ಮಕ್ಕಳು ಕಳೆದುಕೊಳ್ಳುತ್ತಿದ್ದಷ್ಟು ಅಂಕವನ್ನು ಬೇರೆಲ್ಲಿಯೂ ಕಳೆದುಕೊಳ್ಳುತ್ತಿರಲಿಲ್ಲ. ವಾಕ್ಯವನ್ನು ಕೊನೆಯಿಂದ ಕಟ್ಟಿಸುವ ನನ್ನ ಕ್ರಮವನ್ನು ಮೊದಲು ಹೇಳಿದಾಗ, ಪರಿಚಯದ ಇಬ್ಬರು ಶಿಕ್ಷಕರು ‘ಎ2 ಮಕ್ಕಳಿಗೆ ಅಧೀನ ವಾಕ್ಯದ ಕ್ರಮವನ್ನು ಮೊದಲೇ ತೋರಿಸಿದರೆ ಇರುವುದೂ ಕೆಡುತ್ತದೆ’ ಎಂದಿದ್ದರು. ಈಗ ಅವರಲ್ಲೊಬ್ಬರು ನನ್ನ ಹಾಳೆಗಳನ್ನೇ ಕೇಳಿ ಪಡೆದಿದ್ದಾರೆ. ಆದ್ದರಿಂದ ಬರೆದಿಡುವುದು ಒಳ್ಳೆಯದೆನಿಸಿತು. ಜರ್ಮನ್ ಪದಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ; ಹಾಳೆಯಲ್ಲಿ ಅವು ಜರ್ಮನ್ ಕಾಗುಣಿತದಲ್ಲೇ ಇರುತ್ತವೆ.

ಮೊದಲು ಮಾಡುತ್ತಿದ್ದುದು ಎಲ್ಲರೂ ಮಾಡುವ ಹಾಳೆಯನ್ನೇ. ಪದಗಳನ್ನು ಕಲಸಿ ಕೊಟ್ಟು, ಸರಿಯಾಗಿ ಜೋಡಿಸಿ ಎನ್ನುವುದು. ನಾನು ಆರು ಗಂಟೆಗೆ ಎದ್ದೆ ಎಂಬುದಕ್ಕೆ ‘ಔಫ್‌ಗೆಶ್ಟಂಡೆನ್ / ಇಶ್ / ಉಮ್ ಜೆಕ್ಸ್ ಊರ್ / ಬಿನ್’ ಎಂದು ಕೊಟ್ಟರೆ ಹೆಚ್ಚುಕಡಿಮೆ ಎಲ್ಲರೂ ಸರಿಯಾಗಿ ಜೋಡಿಸುತ್ತಿದ್ದರು. ಆದರೆ ಕ್ರಿಯಾಪದದ ಪರ್ಫೆಕ್ಟ್ ರೂಪವಾದ ಪಾರ್ಟಿಸಿಪ್ ಸಿದ್ಧವಾಗಿ ಕೈಗೆ ಸಿಕ್ಕಿದ ಮೇಲೆ ಅಲ್ಲಿ ಪರೀಕ್ಷೆಗೊಳಗಾಗುವುದು ಏನೂ ಉಳಿಯುವುದಿಲ್ಲ. ಮರುದಿನ ಖಾಲಿ ಕಾಗದದ ಮೇಲೆ ಬರೆಯಿರಿ ಎಂದರೆ ‘ಇಶ್ ಬಿನ್ ಉಮ್ ಜೆಕ್ಸ್ ಊರ್ ಗೆಶ್ಟಂಡೆನ್ ಔಫ್’ ಎಂದೋ ‘ಗೆಔಫ್‌ಶ್ಟಂಡೆನ್’ ಎಂದೋ ಬರುತ್ತಿತ್ತು. ಹಾಗಾದರೆ ಪಾರ್ಟಿಸಿಪನ್ನೂ ತುಂಡು ಮಾಡೋಣವೆಂದು ‘ಔಫ್’, ‘ಗೆ’, ‘ಶ್ಟಂಡೆನ್’ ಎಂದು ಮೂರು ಚೀಟಿ ಕೊಟ್ಟೆ. ತಪ್ಪು ಕಡಿಮೆಯಾಗಲಿಲ್ಲ, ಮೂರು ಬಗೆಯ ತಪ್ಪು ಆರು ಬಗೆಯಾಯಿತು.

ಆಮೇಲೆ ಬಣ್ಣದ ಹಾಳೆಯ ಕಾಲ. ಕ್ರಿಯಾಪದದ ಭಾಗಗಳೆಲ್ಲ ಕೆಂಪು, ಕರ್ತೃ ನೀಲಿ, ಉಳಿದದ್ದು ಕಪ್ಪು. ದುರ್ಗಿಗುಡಿಯಲ್ಲಿ ಆಗ ಬಣ್ಣದ ಮುದ್ರಣಕ್ಕೆ ಪುಟಕ್ಕೆ ಸುಮಾರು ₹10 ತೆಗೆದುಕೊಳ್ಳುತ್ತಿದ್ದರು. ಇಪ್ಪತ್ತು ಜನರ ತಂಡಕ್ಕೆ ಮೂವತ್ತು ಪುಟವೆಂದರೂ ₹6,000. ಅದೇ ಕಪ್ಪು-ಬಿಳುಪಿನ ಜೆರಾಕ್ಸ್ ಆಗಿದ್ದರೆ ₹1,000ದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಎರಡು ತಂಡಗಳಿಗೆ ಹಾಗೆ ಖರ್ಚು ಮಾಡಿದ ಮೇಲೆ ಕಂಡದ್ದು ಇಷ್ಟು: ಬಣ್ಣವಿರುವ ಹಾಳೆಯಲ್ಲಿ ಸಾಧನೆ ಚೆನ್ನಾಗಿರುತ್ತದೆ, ಬಣ್ಣ ತೆಗೆದ ಕೂಡಲೇ ಹಳೆಯ ತಪ್ಪುಗಳು ಹಾಗೆಯೇ ಮರಳುತ್ತವೆ. ಮಕ್ಕಳು ಕೆಂಪನ್ನು ಕೊನೆಗೆ ಹಾಕಲು ಕಲಿತಿದ್ದರೇ ಹೊರತು ಯಾವುದು ಏಕೆ ಕೊನೆಗೆ ಹೋಗುತ್ತದೆ ಎಂಬುದನ್ನಲ್ಲ.

ತಪ್ಪುಗಳನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡು ನೋಡಿದಾಗ ಮೂಲ ಸ್ಪಷ್ಟವಾಯಿತು. ವರ್ತಮಾನಕಾಲದಲ್ಲಿ ‘ಇಶ್ ಶ್ಟೇಎ ಉಮ್ ಜೆಕ್ಸ್ ಊರ್ ಔಫ್’ ಎಂಬುದನ್ನು ನಾವೆಲ್ಲ ‘ಉಪಸರ್ಗ ಕೊನೆಗೆ ಹಾರುತ್ತದೆ’ ಎಂದೇ ಕಲಿಸುತ್ತೇವೆ. ಹಾಗೆ ಕಲಿತವರು ಪರ್ಫೆಕ್ಟಿನಲ್ಲಿಯೂ ಅದನ್ನು ಹಾರಿಸುತ್ತಾರೆ. ಆದರೆ ನಿಜವಾಗಿ ಉಪಸರ್ಗ ಎಲ್ಲಿಗೂ ಹೋಗುವುದಿಲ್ಲ. ಕೊನೆಯಲ್ಲಿದ್ದ ‘ಔಫ್‌ಶ್ಟೇಎ’ ಎಂಬುದರಿಂದ ‘ಶ್ಟೇಎ’ ಮಾತ್ರ ಎರಡನೆಯ ಸ್ಥಾನಕ್ಕೆ ಹೋಗುತ್ತದೆ, ‘ಔಫ್’ ತಾನಿದ್ದಲ್ಲಿಯೇ ಉಳಿಯುತ್ತದೆ. ಪರ್ಫೆಕ್ಟಿನಲ್ಲಿ ಎರಡನೆಯ ಸ್ಥಾನಕ್ಕೆ ಹೋಗುವ ಕೆಲಸ ಸಹಾಯಕ ಕ್ರಿಯಾಪದವಾದ ‘ಬಿನ್’ ಅಥವಾ ‘ಹಾಬೆ’ಯದು, ಆದ್ದರಿಂದ ‘ಔಫ್‌ಗೆಶ್ಟಂಡೆನ್’ ಒಡೆಯುವ ಪ್ರಸಂಗವೇ ಬರುವುದಿಲ್ಲ. ಕೊನೆಯಲ್ಲಿ ಕ್ರಿಯಾಪದ, ಅದರ ಹಿಂದೆ ಸಹಾಯಕ ಕ್ರಿಯಾಪದ ಎಂಬ ಕ್ರಮವಂತೂ ಕನ್ನಡಿಗರಿಗೆ ಹುಟ್ಟಿನಿಂದ ಬಂದದ್ದು. ‘ಆರು ಗಂಟೆಗೆ ಎದ್ದಿದ್ದೇನೆ’ ಎಂಬಲ್ಲಿ ಎದ್ದು ಮೊದಲು, ಇದ್ದೇನೆ ಆಮೇಲೆ. ‘ಉಮ್ ಜೆಕ್ಸ್ ಊರ್ ಔಫ್‌ಗೆಶ್ಟಂಡೆನ್ ಬಿನ್’ ಎಂಬುದೂ ಅದೇ ಸಾಲು. ಇಂಗ್ಲಿಷಿನ ಮೂಲಕ ಜರ್ಮನ್ ಕಲಿಸುವ ಪಠ್ಯಗಳು ಈ ಅನುಕೂಲವನ್ನು ನಮ್ಮ ಮಕ್ಕಳಿಂದ ಕಿತ್ತುಕೊಂಡು, ಇಲ್ಲದ ಕಷ್ಟವೊಂದನ್ನು ಹೊರಿಸುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಹೀಗಾಗಿ ಈಗಿನ ಹಾಳೆಯಲ್ಲಿ ಪ್ರತಿ ವಾಕ್ಯಕ್ಕೂ ನಾಲ್ಕು ಸಾಲುಗಳಿವೆ. ರಾತ್ರಿಪಾಳಿ ಮುಗಿದ ಮೇಲೆ ನಿನ್ನೆ ಅಮ್ಮನಿಗೆ ಫೋನ್ ಮಾಡಿದೆ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಮೊದಲ ಸಾಲಿನಲ್ಲಿ ಕರ್ತೃವೂ ಇಲ್ಲ, ಕಾಲವೂ ಇಲ್ಲ. ನಿಘಂಟಿನ ರೂಪ ಕೊನೆಯಲ್ಲಿರುವ ಪದಗುಚ್ಛ ಮಾತ್ರ: ‘ಗೆಸ್ಟರ್ನ್ ನಾಖ್ ಡೇರ್ ನಖ್ಟ್‌ಶಿಶ್ಟ್ ಮೈನೆ ಮುಟರ್ ಆನ್‌ರೂಫೆನ್’. ಎರಡನೆಯ ಸಾಲಿನಲ್ಲಿ ಕೊನೆಯ ಪದವನ್ನು ಪಾರ್ಟಿಸಿಪ್ ಮಾಡಿ, ಅದರ ಹಿಂದೆ ‘ಹಾಬೆನ್’ ಅಥವಾ ‘ಜೈನ್’ ಇಡಬೇಕು: ‘… ಮೈನೆ ಮುಟರ್ ಆನ್‌ಗೆರೂಫೆನ್ ಹಾಬೆನ್’. ಮೂರನೆಯ ಸಾಲಿನಲ್ಲಿ ಮುಂದುಗಡೆ ಕರ್ತೃ ಬಂದು, ಕೊನೆಯ ಪದ ಕರ್ತೃವಿಗೆ ತಕ್ಕ ರೂಪ ಪಡೆಯುತ್ತದೆ: ‘ಇಶ್ ಗೆಸ್ಟರ್ನ್ … ಆನ್‌ಗೆರೂಫೆನ್ ಹಾಬೆ’. ನಾಲ್ಕನೆಯ ಸಾಲಿನಲ್ಲಿ ಕೊನೆಯ ಒಂದೇ ಒಂದು ಪದವನ್ನು ಎತ್ತಿ ಎರಡನೆಯ ಜಾಗಕ್ಕೆ ಇಡಬೇಕು: ‘ಇಶ್ ಹಾಬೆ ಗೆಸ್ಟರ್ನ್ ನಾಖ್ ಡೇರ್ ನಖ್ಟ್‌ಶಿಶ್ಟ್ ಮೈನೆ ಮುಟರ್ ಆನ್‌ಗೆರೂಫೆನ್’. ಬೇರೆ ಏನನ್ನೂ ಮುಟ್ಟಬಾರದು. ಮೂರನೆಯ ಸಾಲಿನ ಮುಂದೆ ‘ಏಕೆಂದರೆ’ ಎಂಬ ಅರ್ಥದ ‘ವೈಲ್’ ಬರೆದರೆ ಅಧೀನ ವಾಕ್ಯ ತಾನಾಗಿಯೇ ಸಿದ್ಧವಾಗಿರುತ್ತದೆ. ಬಿ1ರಲ್ಲಿ ಅದಕ್ಕೆಂದು ನಾನು ಕಳೆಯುತ್ತಿದ್ದ ಎರಡು ವಾರಗಳು ಈಗ ಎರಡು ತರಗತಿಗಳಲ್ಲಿ ಮುಗಿಯುತ್ತವೆ.

ಹೊಸನಗರದ ಕಡೆಯ ಹುಡುಗಿಯೊಬ್ಬಳು ನಾಲ್ಕನೆಯ ಸಾಲು ಬರೆದು ಸ್ವಲ್ಪ ಹೊತ್ತು ನೋಡುತ್ತ ಕುಳಿತಿದ್ದಳು. ‘ಮೇಡಂ, ಆನ್ ಎಲ್ಲೂ ಹೋಗೇ ಇಲ್ವಲ್ಲ’ ಎಂದಳು. ವರ್ತಮಾನದ ವಾಕ್ಯವನ್ನೂ ಇದೇ ನಾಲ್ಕು ಸಾಲಿನಲ್ಲಿ ಕಟ್ಟಿ ನೋಡಲು ಹೇಳಿದೆ. ಅಲ್ಲಿ ಎರಡನೆಯ ಸಾಲು ಖಾಲಿ, ಮೂರನೆಯದರಲ್ಲಿ ‘ಆನ್‌ರೂಫೆ’, ನಾಲ್ಕನೆಯದರಲ್ಲಿ ‘ರೂಫೆ’ ಮುಂದಕ್ಕೆ, ‘ಆನ್’ ಇದ್ದಲ್ಲಿಯೇ. ಆ ದಿನದಿಂದ ಅವಳ ಬರಹದಲ್ಲಿ ‘ಗೆರೂಫೆನ್ ಆನ್’ ನನಗೆ ಕಂಡಿಲ್ಲ.

‘ಗೆಸ್ಟರ್ನ್’ ಮುಂದೆ ಬಂದಾಗ ‘ಗೆಸ್ಟರ್ನ್ ಇಶ್ ಹಾಬೆ’ ಎಂದು ಬರೆಯುವ ಇಂಗ್ಲಿಷಿನ ಚಾಳಿಗೆ ಬೇರೆ ಉಪಾಯ ಬೇಕಾಯಿತು. ನಾಲ್ಕನೆಯ ಸಾಲಿನಲ್ಲಿ ಎರಡನೆಯ ಚೌಕಕ್ಕೆ ದಪ್ಪ ಗೆರೆ ಹಾಕಿಸಿದೆ. ಅದರ ಎಡಕ್ಕೆ ಒಂದೇ ಚೀಟಿ ಹಿಡಿಯುವಷ್ಟು ಜಾಗ. ಒಂದು ಚೀಟಿಯೆಂದರೆ ಒಂದು ಪದವಲ್ಲ, ‘ನಾಖ್ ಡೇರ್ ನಖ್ಟ್‌ಶಿಶ್ಟ್’ ಇಡಿಯಾಗಿ ಒಂದು ಚೀಟಿ. ಎಡದಲ್ಲಿ ‘ಗೆಸ್ಟರ್ನ್’ ಕುಳಿತರೆ ‘ಇಶ್’ಗೆ ಅಲ್ಲಿ ಜಾಗವಿಲ್ಲ, ದಪ್ಪ ಚೌಕವನ್ನು ದಾಟಿ ಮೂರನೆಯದಕ್ಕೆ ಹೋಗಲೇಬೇಕು. ಈ ಚೀಟಿಗಳನ್ನು ಸಾಮಾನ್ಯ ಕಾಗದದಲ್ಲಿ ಕತ್ತರಿಸಿದರೆ ನಮ್ಮ ಮಳೆಗಾಲದಲ್ಲಿ ಒಂದೇ ವಾರಕ್ಕೆ ಮೆತ್ತಗಾಗಿ ಸುರುಳಿಯಾಗುತ್ತವೆ. ಲ್ಯಾಮಿನೇಷನ್ ಮಾಡಿಸಿದರೆ ಖರ್ಚು ಏರುತ್ತದೆ, ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಅಡಿಕೆ ಹಾಳೆಯಲ್ಲಿಯೂ ಕತ್ತರಿಸಿ ನೋಡಿದೆ, ಒಣಗುತ್ತಿದ್ದಂತೆ ಬಾಗಿತು. ಕೊನೆಗೆ ಒದಗಿದ್ದು ಹಳೆಯ ಮದುವೆ ಪತ್ರಿಕೆಗಳು. ದಪ್ಪ, ಒಂದು ಬದಿ ಖಾಲಿ, ದುಡ್ಡಿಲ್ಲ. ಜೂನ್ ಹೊತ್ತಿಗೆ ಎಲ್ಲರ ಮನೆಯಲ್ಲಿಯೂ ರಾಶಿ ಇರುತ್ತವೆ.

‘ಗೆ’ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದಕ್ಕೆ ಪಟ್ಟಿ ಬಾಯಿಪಾಠ ಮಾಡಿಸುವುದನ್ನು ನಿಲ್ಲಿಸಿದ್ದೇನೆ. ಕ್ರಿಯಾಪದದ ಚೀಟಿಯನ್ನು ಗಟ್ಟಿಯಾಗಿ ಓದಬೇಕು. ಒತ್ತು ಉಪಸರ್ಗದ ಮೇಲೆ ಬಿದ್ದರೆ ಅಲ್ಲಿ ಚೀಟಿಯನ್ನು ಮಡಚಬೇಕು, ಬೀಳದಿದ್ದರೆ ಮಡಿಕೆಯಿಲ್ಲ. ಬಳಿಕ ಮಡಿಕೆಯ ಬಲಕ್ಕೆ ಉಳಿದ ಭಾಗವನ್ನಷ್ಟೇ ಓದಬೇಕು. ಅದರ ಮೊದಲ ಅಕ್ಷರದ ಮೇಲೆಯೇ ಒತ್ತಿದ್ದರೆ ಅದರ ಮುಂದೆ ‘ಗೆ’, ಇಲ್ಲದಿದ್ದರೆ ‘ಗೆ’ ಇಲ್ಲ. ‘ಔಫ್‌ಶ್ಟೇಎನ್’ನಲ್ಲಿ ಮಡಿಕೆಯಾದ ಮೇಲೆ ‘ಶ್ಟೇಎನ್’ ಮೊದಲಲ್ಲೇ ಒತ್ತು, ಆದ್ದರಿಂದ ಔಫ್-ಗೆ-ಶ್ಟಂಡೆನ್. ‘ಫೆರ್‌ಶ್ಟೇಎನ್’ನಲ್ಲಿ ಮಡಿಕೆಯೂ ಇಲ್ಲ, ಮೊದಲಲ್ಲಿ ಒತ್ತೂ ಇಲ್ಲ, ಆದ್ದರಿಂದ ಬರೀ ‘ಫೆರ್‌ಶ್ಟಂಡೆನ್’. ‘ಫೋರ್‌ಬೆರೈಟೆನ್’ ಎಂಬಲ್ಲಿ ಮಡಿಕೆಯಿದೆ, ಆದರೆ ಉಳಿದ ‘ಬೆರೈಟೆನ್’ನಲ್ಲಿ ಒತ್ತು ‘ರೈ’ ಮೇಲಿದೆ, ಹಾಗಾಗಿ ‘ಫೋರ್‌ಬೆರೈಟೆಟ್’. ‘ಔಸ್‌ಪ್ರೋಬೀರೆನ್’ನಿಂದ ‘ಔಸ್‌ಪ್ರೋಬೀರ್ಟ್’ ಬರುವುದೂ ಇದರಿಂದಲೇ. ಎರಡು ಅಪವಾದಗಳೆಂದು ಕಲಿಸುತ್ತಿದ್ದವೆಲ್ಲ ಒಂದೇ ನಿಯಮದೊಳಗೆ ಬಂದವು. ಇದು ಮೋಸ ಮಾಡುವುದು ‘ಫ್ರ್ಯೂಶ್ಟ್ಯೂಕೆನ್’ನಂಥ ಕಡೆ ಮಾತ್ರ. ಒತ್ತು ಮೊದಲಲ್ಲಿದ್ದರೂ ‘ಫ್ರ್ಯೂ’ ಅಲ್ಲಿ ಉಪಸರ್ಗವಲ್ಲ, ಮಡಚಬಾರದು, ರೂಪ ‘ಗೆಫ್ರ್ಯೂಶ್ಟ್ಯೂಕ್ಟ್’. ಮಡಚಿದವರು ‘ಗೆ’ಯನ್ನು ನಡುವೆ ತೂರಿಸಿರುತ್ತಾರೆ, ತಿದ್ದುವಾಗ ಮೊದಲ ನೋಟಕ್ಕೇ ತಿಳಿಯುತ್ತದೆ.

ಸಹಾಯಕ ಕ್ರಿಯಾಪದದ ಆಯ್ಕೆಯನ್ನು ಎರಡನೆಯ ಸಾಲಿಗೆ ಇಟ್ಟದ್ದಕ್ಕೂ ಕಾರಣವಿದೆ. ಕರ್ತೃ ಬರುವ ಮುನ್ನವೇ ಪದಗುಚ್ಛವನ್ನು ನೋಡಿ ನಿರ್ಧರಿಸಬೇಕು, ಏಕೆಂದರೆ ಉಪಸರ್ಗ ಬದಲಾದರೆ ಆಯ್ಕೆಯೂ ಬದಲಾಗಬಹುದು. ‘ಶ್ಲಾಫೆನ್’ಗೆ ‘ಹಾಬೆನ್’, ನಿದ್ದೆಗೆ ಜಾರುವ ‘ಐನ್‌ಶ್ಲಾಫೆನ್’ಗೆ ಸ್ಥಿತಿ ಬದಲಾಗುವುದರಿಂದ ‘ಜೈನ್’, ಸಾಕಷ್ಟು ಮಲಗುವ ‘ಔಸ್‌ಶ್ಲಾಫೆನ್’ಗೆ ಮತ್ತೆ ‘ಹಾಬೆನ್’. ಈ ಮೂರನ್ನೂ ಒಂದೇ ಪುಟದಲ್ಲಿ ಇಡುತ್ತೇನೆ. ಮಳೆ ಸೆಪ್ಟೆಂಬರಿನಲ್ಲಷ್ಟೇ ನಿಂತಿತು ಎಂಬುದಕ್ಕೆ ‘ಡೇರ್ ರೇಗೆನ್ ಹಾಟ್ ಏರ್ಸ್ಟ್ ಇಮ್ ಸೆಪ್ಟೆಂಬರ್ ಔಫ್‌ಗೆಹ್ಯೋರ್ಟ್’ ಎಂಬ ವಾಕ್ಯವನ್ನೂ ಕೊಡುತ್ತೇನೆ. ನಿಲ್ಲುವುದೂ ಸ್ಥಿತಿ ಬದಲಾದಂತೆಯೇ ಎಂದುಕೊಂಡು ಅರ್ಧ ತರಗತಿ ‘ಇಸ್ಟ್’ ಬರೆಯುತ್ತದೆ. ‘ಔಫ್‌ಹ್ಯೋರೆನ್’, ‘ಆನ್‌ಫಾಂಗೆನ್’ ಎರಡೂ ‘ಹಾಬೆನ್’ ತೆಗೆದುಕೊಳ್ಳುತ್ತವೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಲೇಬೇಕು. ಯಾವ ಕ್ರಿಯಾಪದದ ಹಿಂದೆ ಯಾವುದನ್ನು ಇಡುತ್ತೇನೆ, ಎಷ್ಟನೆಯ ಪುಟದಲ್ಲಿ ಬೇಡದ ಚೀಟಿಯೊಂದನ್ನು ಸೇರಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಂಡಿದ್ದೇನೆ. ಅದಕ್ಕೆ ಹಿಡಿದ ಶ್ರಮ ದೊಡ್ಡದು.

ಹಿಂದಿನ ತಂಡಗಳಲ್ಲಿ ಒಂದು ಪುಟದ ಪತ್ರದಲ್ಲಿ ಸರಾಸರಿ ನಾಲ್ಕೈದು ಕಡೆ ಈ ಬಗೆಯ ತಪ್ಪು ಇರುತ್ತಿತ್ತು. ಈಗ ಒಂದು ಸಿಕ್ಕರೆ ಹೆಚ್ಚು, ಹಲವರಲ್ಲಿ ಅದೂ ಇಲ್ಲ. ಜೆರಾಕ್ಸ್ ಖರ್ಚು ತಲೆಗೆ ₹50ರ ಒಳಗೆ ನಿಂತಿದೆ. ಸುಮಾರು ಮೂರು ವಾರಗಳಾದ ಮೇಲೆ ಮೊದಲ ಎರಡು ಸಾಲುಗಳನ್ನು ತೆಗೆದುಬಿಡುತ್ತೇನೆ, ಇನ್ನೆರಡು ವಾರಕ್ಕೆ ಮೂರನೆಯದನ್ನೂ. ಇನ್ನೂ ಬೇಗ ತೆಗೆದರೆ ಒತ್ತನ್ನು ಕೇಳಿಸಿಕೊಳ್ಳದೆ ‘ಗೆ’ಯನ್ನು ಊಹಿಸತೊಡಗುತ್ತಾರೆ.

ಈ ಕ್ರಮ ನಿಲ್ಲುವ ಒಂದು ಜಾಗವಿದೆ. ಅಮ್ಮನಿಗೆ ಫೋನ್ ಮಾಡಬೇಕಾಯಿತು ಎಂಬುದು ಪರ್ಫೆಕ್ಟಿನಲ್ಲಿ ‘ಇಶ್ ಹಾಬೆ ಮೈನೆ ಮುಟರ್ ಆನ್‌ರೂಫೆನ್ ಮ್ಯುಸೆನ್’ ಎಂದಾಗುತ್ತದೆ. ಪಾರ್ಟಿಸಿಪೇ ಇಲ್ಲ, ‘ಗೆ’ಯೂ ಇಲ್ಲ. ನಾಲ್ಕನೆಯ ಸಾಲು ಸರಿಯಾಗಿ ಬಂದರೂ ‘ವೈಲ್’ ಹಚ್ಚಿದ ಮೂರನೆಯ ಸಾಲು ಕೆಡುತ್ತದೆ, ಏಕೆಂದರೆ ಅಲ್ಲಿ ‘ಹಾಬೆ’ ಕೊನೆಯಲ್ಲಿ ಕೂರದೆ ಎರಡು ಕ್ರಿಯಾಪದಗಳ ಮುಂದೆ ಬರುತ್ತದೆ: ‘ವೈಲ್ ಇಶ್ ಮೈನೆ ಮುಟರ್ ಹಾಬೆ ಆನ್‌ರೂಫೆನ್ ಮ್ಯುಸೆನ್’. ಎ2ರವರಿಗೆ ಇದನ್ನು ತೋರಿಸುವುದಿಲ್ಲ, ‘ಮುಸ್ಟೆ’ ಬಳಸಿ ‘ಇಶ್ ಮುಸ್ಟೆ ಮೈನೆ ಮುಟರ್ ಆನ್‌ರೂಫೆನ್’ ಎಂದು ಬರೆಯಿಸುತ್ತೇನೆ. ಜರ್ಮನರೂ ಹೆಚ್ಚಾಗಿ ಹಾಗೆಯೇ ಹೇಳುತ್ತಾರೆ. ಬಿ2ರವರಿಗೆಂದು ಐದನೆಯ ಸಾಲಿರುವ ಹಾಳೆಯೊಂದನ್ನು ಈ ಮಳೆಗಾಲದ ತಂಡದೊಡನೆ ಪ್ರಯೋಗಿಸುತ್ತಿದ್ದೇನೆ.