ವೈಫೈ ಕ್ಯಾಮೆರಾಗೆ ಪ್ರತ್ಯೇಕ ಜಾಲ: ಮಾಡುವ ಕ್ರಮ

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಮತ್ತು ರೂಟರ್‌ಗಳನ್ನು ವಶಪಡಿಸಿಕೊಂಡದ್ದು, ತಯಾರಕರು ಹಾಕಿಟ್ಟಿದ್ದ ಸುಮಾರು 60 ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸಿಯೇ. ಸಾಧನವನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಆ ಕುತಂತ್ರಾಂಶ ಅಳಿಸಿಹೋಗುತ್ತಿತ್ತು. ಆದರೆ ಪಾಸ್‌ವರ್ಡ್ ಬದಲಾಗದಿದ್ದರೆ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತಿತ್ತು. ಆದ್ದರಿಂದ ರೂಟರ್ ಮತ್ತು ಕ್ಯಾಮೆರಾಗಳ ಪಾಸ್‌ವರ್ಡ್‌ಗಳನ್ನು ಮೊದಲು ಬದಲಾಯಿಸಿ, ಎರಡಕ್ಕೂ ಬೇರೆಬೇರೆಯದನ್ನು ಇಡಿ.

ಕೆಲವು ಅಗ್ಗದ ಕ್ಯಾಮೆರಾಗಳಲ್ಲಿ ಬದಲಾಯಿಸಲಾಗದ ಗುಪ್ತ ಪಾಸ್‌ವರ್ಡ್ ಇರುವುದರಿಂದ ಪ್ರತ್ಯೇಕ ಜಾಲವೂ ಬೇಕು. ಬ್ರೌಸರ್‌ನಲ್ಲಿ ತೆರೆಯುವ ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ, ಅತಿಥಿಗಳಿಗೆಂದು ಇರುವ ಪ್ರತ್ಯೇಕ ಜಾಲವಾದ Guest Network ಅನ್ನು 2.4 ಗಿಗಾಹರ್ಟ್ಸ್‌ನಲ್ಲಿ ತೆರೆದು (ಬಹಳಷ್ಟು ಕ್ಯಾಮೆರಾಗಳಿಗೆ ಅದೊಂದೇ ಗೊತ್ತು), ಸ್ಥಳೀಯ ಜಾಲಕ್ಕೆ ಪ್ರವೇಶ ನೀಡುವ ಆಯ್ಕೆಯನ್ನು ತೆಗೆದುಹಾಕಿ, ಕ್ಯಾಮೆರಾವನ್ನು ಅದಕ್ಕೆ ಜೋಡಿಸಿ. ಬಳಿಕ ಮೊಬೈಲನ್ನೂ ಅದೇ ಜಾಲಕ್ಕೆ ಸೇರಿಸಿ, ರೂಟರ್‌ನ ಪುಟವನ್ನು ತೆರೆಯಲು ಯತ್ನಿಸಿ. ಅದು ತೆರೆದುಕೊಂಡರೆ ಬೇರ್ಪಡಿಕೆ ಸರಿಯಾಗಿ ಆಗಿಲ್ಲವೆಂದೇ ತಿಳಿಯಬೇಕು. ಪ್ರಿಂಟರನ್ನು ಮಾತ್ರ ಅಲ್ಲಿಗೆ ಸಾಗಿಸಬೇಡಿ, ಲ್ಯಾಪ್‌ಟಾಪ್‌ಗೆ ಅದು ಕಾಣದೆ ಹೋಗಬಹುದು.

ಕೊನೆಗೆ ರೂಟರ್‌ನಲ್ಲಿ, ಸಾಧನಗಳು ಹೊರಗಿನಿಂದ ಒಳಬರುವ ದಾರಿಯನ್ನು ತಾವೇ ತೆರೆದುಕೊಳ್ಳಲು ಬಿಡುವ UPnP ಹಾಗೂ ರೂಟರನ್ನು ಹೊರಗಿನಿಂದ ನಿಯಂತ್ರಿಸಲು ಬಿಡುವ Remote Management ಎರಡನ್ನೂ ಆಫ್ ಮಾಡಿ, ಹೊರಗಿನಿಂದ ಒಳಬರಲು ತೆರೆದಿಟ್ಟ ದಾರಿಗಳನ್ನು ತೋರಿಸುವ Port Forwarding ಪಟ್ಟಿಯಲ್ಲಿ ಹಳೆಯ ನಮೂದುಗಳಿದ್ದರೆ ಅಳಿಸಿ. ಆದರೆ ತಯಾರಕರ ಸರ್ವರ್ ಮೂಲಕ ದೃಶ್ಯ ಕಳುಹಿಸುವ ಕ್ಯಾಮೆರಾ ತಾನಾಗಿಯೇ ಹೊರಕ್ಕೆ ಸಂಪರ್ಕ ಸಾಧಿಸುವುದರಿಂದ ಇವು ಅದನ್ನು ತಡೆಯಲಾರವು. ದೂರದಿಂದ ನೋಡುವ ಅಗತ್ಯವಿಲ್ಲದವರು ಆ ಸೌಲಭ್ಯವನ್ನು ಕ್ಯಾಮೆರಾದ ಆ್ಯಪ್‌ನಲ್ಲಿಯೇ ನಿಲ್ಲಿಸಬೇಕು.