ಬಜೆಟ್ ಯಾವ ಸಾಲಿಗೆ ಸೇರಬೇಕು? ಯೋಜನೆಗಳ ವಸ್ತುನಿಷ್ಠ ಪ್ರಶ್ನೆಗಳನ್ನು ಬಿಡಿಸುವ ಕ್ರಮ

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಿಂದ ಹಿಡಿದು ವಾಣಿಜ್ಯ ಮತ್ತು ನಿರ್ವಹಣಾ ವಿಷಯಗಳ ಕೆಸೆಟ್, ನೆಟ್ ಪರೀಕ್ಷೆಗಳವರೆಗೆ ಯೋಜನೆಗಳ ವರ್ಗೀಕರಣದ ಮೇಲೆ ಪ್ರಶ್ನೆ ಬರುವುದುಂಟು. ಶಿರಸಿ, ಕಾರವಾರದ ಕಡೆಯ ವಿದ್ಯಾರ್ಥಿಗಳು ಈ ಅಧ್ಯಾಯವನ್ನು ಓದದೆ ಹೋಗಿ ತಪ್ಪುವುದನ್ನು ನಾನು ಕಂಡಿದ್ದು ಕಡಿಮೆ. ಚೆನ್ನಾಗಿ ಓದಿಯೂ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ತಪ್ಪುವುದನ್ನು ಕಂಡಿದ್ದು ಹೆಚ್ಚು. ವ್ಯಾಖ್ಯೆಗಳೆಲ್ಲ ಬಾಯಿಗೆ ಬರುತ್ತವೆ, ಆದರೆ ಸನ್ನಿವೇಶವೊಂದನ್ನು ಕೊಟ್ಟು ಇದು ಯಾವ ಬಗೆಯ ಯೋಜನೆ ಎಂದು ಕೇಳಿದಾಗ ಕೈ ತಡವರಿಸುತ್ತದೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಮೂರನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಹಂತ: ಪ್ರಶ್ನೆ ಯಾವ ಆಧಾರದ ಮೇಲೆ ವಿಂಗಡಿಸಲು ಹೇಳುತ್ತಿದೆ ಎಂದು ನೋಡುವುದು

ಇಲ್ಲಿ ಎರಡು ಬೇರೆ ಬೇರೆ ಅಳತೆಗೋಲುಗಳಿವೆ. ಯೋಜನೆ ಸಂಸ್ಥೆಯ ಎಷ್ಟು ಭಾಗವನ್ನು ವ್ಯಾಪಿಸುತ್ತದೆ ಮತ್ತು ಯಾವ ಮಟ್ಟದಲ್ಲಿ ನಿರ್ಧಾರವಾಗುತ್ತದೆ ಎಂಬುದರಿಂದ ಸ್ಟ್ರಾಟೆಜಿಕ್, ಟ್ಯಾಕ್ಟಿಕಲ್, ಆಪರೇಷನಲ್ ಎಂಬ ಮೂರು ಬಗೆಗಳು ಬರುತ್ತವೆ. ಅದನ್ನು ಎಷ್ಟು ಬಾರಿ ಬಳಸಲಾಗುತ್ತದೆ ಎಂಬುದರಿಂದ ಏಕಬಳಕೆಯ ಯೋಜನೆ ಮತ್ತು ಸ್ಥಾಯಿ ಯೋಜನೆ ಎಂಬ ಎರಡು ಬಗೆಗಳು ಬರುತ್ತವೆ. ಒಂದೇ ಯೋಜನೆ ಎರಡೂ ಅಳತೆಗೋಲಿನಲ್ಲಿ ತನ್ನದೇ ಸ್ಥಾನ ಪಡೆಯಬಹುದು, ಅಂದರೆ ಆಪರೇಷನಲ್ ಆಗಿರುವುದು ಏಕಬಳಕೆಯದೂ ಆಗಿರಬಹುದು, ಸ್ಥಾಯಿಯೂ ಆಗಿರಬಹುದು. ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಿಂದ 'ಮಟ್ಟ' ಅಥವಾ 'ಬಳಕೆ' ಎಂದು ಬರೆದುಕೊಂಡ ಮೇಲೆಯೇ ಆಯ್ಕೆಗಳನ್ನು ಓದಬೇಕು. ನನ್ನ ಮಟ್ಟಿಗೆ ಇದು ಐಚ್ಛಿಕವಲ್ಲ.

ಎರಡನೆಯ ಹಂತ: ಮಟ್ಟವನ್ನು ಗುರುತಿಸುವುದು

ಇಡೀ ಸಂಸ್ಥೆಯ ದಿಕ್ಕನ್ನು ಬದಲಿಸುವ, ಆಡಳಿತ ಮಂಡಳಿ ಅಥವಾ ಉನ್ನತ ಅಧಿಕಾರಿಗಳು ತೆಗೆದುಕೊಳ್ಳುವ ನಿರ್ಧಾರ ಸ್ಟ್ರಾಟೆಜಿಕ್. ಅದನ್ನು ಒಂದು ವಿಭಾಗದ ಮಟ್ಟಕ್ಕೆ ಇಳಿಸಿ, ಇರುವ ಜನ, ಹಣ, ವಾಹನಗಳನ್ನು ಹೇಗೆ ಹಂಚಬೇಕೆಂದು ಮಧ್ಯಮ ಹಂತದ ಅಧಿಕಾರಿಗಳು ಮಾಡುವ ಏರ್ಪಾಡು ಟ್ಯಾಕ್ಟಿಕಲ್. ದಿನ, ವಾರ, ತಿಂಗಳ ಕೆಲಸವನ್ನು ಯಾರು, ಯಾವಾಗ ಮಾಡಬೇಕೆಂದು ಮೇಲ್ವಿಚಾರಕರು ಬರೆದಿಡುವುದು ಆಪರೇಷನಲ್. ಅವಧಿಯನ್ನೇ ಮುಖ್ಯ ಸುಳಿವಾಗಿ ಹಿಡಿಯುವುದು ಅಪಾಯಕಾರಿ. ಒಂದು ಮಾರುಕಟ್ಟೆಯಿಂದ ಪೂರ್ತಿ ಹೊರಬರಬೇಕೆಂದು ಆಡಳಿತ ಮಂಡಳಿ ಒಂದೇ ಸಭೆಯಲ್ಲಿ ತೀರ್ಮಾನಿಸಿ ಆರು ತಿಂಗಳೊಳಗೆ ಜಾರಿ ಮಾಡಿದರೂ ಅದು ಸ್ಟ್ರಾಟೆಜಿಕ್ ಆಗಿಯೇ ಉಳಿಯುತ್ತದೆ.

ಮೂರನೆಯ ಹಂತ: ಏಕಬಳಕೆಯೋ, ಸ್ಥಾಯಿಯೋ

ತಪ್ಪುಗಳು ಹೆಚ್ಚಾಗಿ ನಡೆಯುವುದು ಇಲ್ಲಿ. ವಿದ್ಯಾರ್ಥಿಗಳು ತಮಗೆ ತಾವೇ ಕೇಳಿಕೊಳ್ಳುವ ಪ್ರಶ್ನೆ 'ಈ ಕೆಲಸ ಮತ್ತೆ ಮತ್ತೆ ನಡೆಯುತ್ತದೆಯೇ' ಎಂಬುದು. ಅದು ಅರ್ಧ ಮಾತ್ರ ಸರಿ. ಕೇಳಬೇಕಾದದ್ದು, 'ಮುಂದಿನ ಸಲ ಇದೇ ಕೆಲಸ ಬಂದಾಗ ಈಗ ಬರೆದಿಟ್ಟ ಯೋಜನೆಯನ್ನೇ ತೆಗೆದು ಬಳಸುತ್ತಾರೆಯೇ, ಅಥವಾ ಹೊಸದಾಗಿ ಬರೆಯುತ್ತಾರೆಯೇ' ಎಂಬುದು. ಕೆಲಸ ಮರುಕಳಿಸುವುದು ಬೇರೆ, ಯೋಜನೆ ಮರುಬಳಕೆಯಾಗುವುದು ಬೇರೆ.

ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ತೆಗೆದುಕೊಳ್ಳಿ. ಅದು ಎರಡು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ. ಜಾತ್ರೆಯ ದಿನಗಳಿಗಾಗಿ ಒಂದು ಸಾರಿಗೆ ಸಂಸ್ಥೆ ಹೆಚ್ಚುವರಿ ಬಸ್ಸುಗಳ ಕಾರ್ಯಕ್ರಮವೊಂದನ್ನು ತಯಾರಿಸುತ್ತದೆ ಎಂದು ಕಲ್ಪಿಸಿಕೊಳ್ಳಿ: ಯಾವ ದಿನ ಕುಮಟೆಯ ಕಡೆಗೆ ಎಷ್ಟು ಬಸ್, ಹುಬ್ಬಳ್ಳಿಯ ಕಡೆಗೆ ಎಷ್ಟು, ತಾತ್ಕಾಲಿಕ ನಿಲ್ದಾಣ ಎಲ್ಲಿ, ಯಾವ ಚಾಲಕರಿಗೆ ಯಾವ ಪಾಳಿ. ಜಾತ್ರೆ ಮತ್ತೆ ಬರುತ್ತದೆ ಎಂಬ ಕಾರಣಕ್ಕೆ ಇದನ್ನು ಸ್ಥಾಯಿ ಎಂದು ಗುರುತಿಸುವವರು ಬಹಳ ಮಂದಿ. ಆದರೆ ತೇರಿನ ದಿನ ಕಳೆದು ಜನ ಮನೆ ಸೇರಿದ ಮೇಲೆ ಆ ಪಟ್ಟಿಯ ಕೆಲಸ ಮುಗಿಯಿತು. ಎರಡು ವರ್ಷ ಬಿಟ್ಟು ಬರುವ ಜಾತ್ರೆಗೆ ಹಳೆಯ ಪಟ್ಟಿಯನ್ನು ನೋಡಿಕೊಳ್ಳಬಹುದಾದರೂ ತಾರೀಖು, ಬಸ್ಸು, ಚಾಲಕರು ಎಲ್ಲ ಬೇರೆಯಾಗಿ ಹೊಸ ಪಟ್ಟಿಯೇ ಆಗಬೇಕು. ಆದ್ದರಿಂದ ಅದು ಕಾರ್ಯಕ್ರಮ, ಏಕಬಳಕೆಯ ಯೋಜನೆ.

ಅದೇ ಡಿಪೋದ ಗೋಡೆಯ ಮೇಲೆ 'ಬ್ರೇಕ್ ಪರೀಕ್ಷೆಯಾಗದ ಬಸ್ಸನ್ನು ಹೊರಗೆ ಬಿಡಬಾರದು' ಎಂಬ ಫಲಕವಿದೆ ಎಂದುಕೊಳ್ಳಿ. ದೇವಿಮನೆ ಘಟ್ಟ ಇಳಿಯುವ ಬಸ್ಸಿಗೆ ಇದು ಇಂದೂ ಅನ್ವಯಿಸುತ್ತದೆ, ಜಾತ್ರೆಯ ದಿನವೂ ಅನ್ವಯಿಸುತ್ತದೆ, ಮುಂದಿನ ವರ್ಷವೂ ಅದೇ ಫಲಕ, ಅದೇ ಮಾತು. ಇದು ಸ್ಥಾಯಿ. ಎರಡೂ ಒಂದೇ ಡಿಪೋದವು, ಎರಡೂ ಮಟ್ಟದ ದೃಷ್ಟಿಯಿಂದ ಆಪರೇಷನಲ್. ಬಳಕೆಯ ದೃಷ್ಟಿಯಿಂದ ಮಾತ್ರ ಬೇರೆಯಾದವು. ಸ್ಥಾಯಿ ಎಂದರೆ ಎಂದೂ ಬದಲಾಗದ್ದು ಎಂದೂ ಅರ್ಥವಲ್ಲ. ಆಗಾಗ ತಿದ್ದುಪಡಿಯಾದರೂ ತಿದ್ದುವವರೆಗೆ ಅದೇ ಮತ್ತೆ ಮತ್ತೆ ಅನ್ವಯವಾಗುತ್ತಿದ್ದರೆ ಸಾಕು.

ಇನ್ನೊಂದು ಭ್ರಮೆ, ಏಕಬಳಕೆಯದೆಂದರೆ ಅಲ್ಪಾವಧಿಯದು ಎಂಬುದು. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಇಷ್ಟು ದೀರ್ಘ ಕಾಲ ಹಿಡಿದರೂ ನೆಲೆಯ ನಿರ್ಮಾಣ ಒಂದು ಪ್ರಾಜೆಕ್ಟ್. ಪ್ರಾಜೆಕ್ಟ್ ಯಾವಾಗಲೂ ಏಕಬಳಕೆಯ ಗುಂಪಿನದು. ಇದಕ್ಕೆ ತದ್ವಿರುದ್ಧವಾಗಿ, ನೆಲೆಯ ದ್ವಾರದಲ್ಲಿ ಗುರುತಿನ ಚೀಟಿ ತೋರಿಸುವ ಕೆಲಸ ಅರೆ ನಿಮಿಷದ್ದಾದರೂ ಅದನ್ನು ವಿಧಿಸುವ ನಿಯಮ ಸ್ಥಾಯಿ.

ಈಗ ಬಜೆಟ್ಟಿಗೆ ಬರೋಣ. ಬಜೆಟ್ ಪ್ರತಿ ವರ್ಷ ಬರುತ್ತದೆ, ಹಾಗಾಗಿ ಅದು ಸ್ಥಾಯಿ ಎಂದು ತರಗತಿಯ ಅರ್ಧ ಮಂದಿ ಬರೆಯುತ್ತಾರೆ. ಮೇಲಿನ ಪ್ರಶ್ನೆಯನ್ನೇ ಇಲ್ಲೂ ಕೇಳಿ. ಈ ವರ್ಷ ಡೀಸೆಲ್ಲಿಗೆ ಇಟ್ಟ ಮೊತ್ತ ಮಾರ್ಚ್ 31ಕ್ಕೆ ತನ್ನ ಬಲ ಕಳೆದುಕೊಳ್ಳುತ್ತದೆ. ಏಪ್ರಿಲ್ 1ರಿಂದ ಹೊಸ ಅಂಕಿಗಳು. ಅಂದರೆ ಪ್ರತಿಯೊಂದು ಬಜೆಟ್ ತನ್ನ ಒಂದು ಅವಧಿಗೆ ಮಾತ್ರ ಬಾಳುತ್ತದೆ, ಆದ್ದರಿಂದ ಅದು ಏಕಬಳಕೆಯದು. ಆದರೆ 'ಡಿಪೋಗಳು ಬೇಡಿಕೆಯನ್ನು ಮೊದಲು ವಿಭಾಗಕ್ಕೆ ಕಳಿಸಬೇಕು, ವಿಭಾಗ ಪರಿಶೀಲಿಸಿ ಕೇಂದ್ರ ಕಚೇರಿಗೆ ಕಳಿಸಬೇಕು' ಎಂಬ ಬಜೆಟ್ ತಯಾರಿಕೆಯ ಕ್ರಮ ಮಾತ್ರ ಕಾರ್ಯವಿಧಾನವಾದ್ದರಿಂದ ಸ್ಥಾಯಿ.

ಇದೇ ಅಂಶದ ಮೇಲೆ ಹೇಳಿಕೆ ಮತ್ತು ಕಾರಣದ ಮಾದರಿಯ ಪ್ರಶ್ನೆ ಬಂದರೆ ಹೇಗಿರುತ್ತದೆ ನೋಡಿ. ಹೇಳಿಕೆ: ಬಜೆಟ್ ಏಕಬಳಕೆಯ ಯೋಜನೆ. ಕಾರಣ: ಬಜೆಟ್ಟನ್ನು ಪ್ರತಿ ವರ್ಷ ತಯಾರಿಸಲಾಗುತ್ತದೆ. ಹೇಳಿಕೆ ಸರಿ. ವಾರ್ಷಿಕ ಬಜೆಟ್ಟಿನ ಮಟ್ಟಿಗೆ ಕಾರಣವೆಂದು ಕೊಟ್ಟ ವಾಕ್ಯವೂ ಸರಿ. ಆದರೆ ಪ್ರತಿ ವರ್ಷ ತಯಾರಾಗುತ್ತದೆ ಎಂಬುದೇ ಅದು ಏಕಬಳಕೆಯದಾಗಲು ಕಾರಣವಲ್ಲ. ಅವಧಿ ಮುಗಿದೊಡನೆ ಅದರ ಅಂಕಿಗಳು ಅನ್ವಯವಾಗುವುದು ನಿಲ್ಲುತ್ತದೆ ಎಂಬುದು ಕಾರಣ. ಆದ್ದರಿಂದ ಉತ್ತರ, ಎರಡೂ ಸರಿ, ಆದರೆ ಕಾರಣವು ಹೇಳಿಕೆಯ ಸರಿಯಾದ ವಿವರಣೆಯಲ್ಲ. ಆತುರದಲ್ಲಿ ಎರಡೂ ಸರಿ ಎಂದು ಕಂಡೊಡನೆ ಮೊದಲ ಆಯ್ಕೆಗೆ ಗುರುತು ಹಾಕುವವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಿಗುವ ತೆಳ್ಳನೆಯ ಗೈಡುಗಳ ಬಗ್ಗೆ ಒಂದು ಮಾತು. ಬಣ್ಣದ ಕೋಷ್ಟಕ ಹಾಕಿ, ಮೊದಲ ಅಕ್ಷರಗಳನ್ನು ಜೋಡಿಸಿ ಸೂತ್ರ ಕಟ್ಟಿ ಕೊಡುವ ಅಂಥವುಗಳಲ್ಲಿ ಬಜೆಟ್ ಸ್ಥಾಯಿಯ ಸಾಲಿನಲ್ಲಿ ಅಚ್ಚಾಗಿದ್ದನ್ನು ನಾನೇ ನೋಡಿದ್ದೇನೆ. ಸೂತ್ರ ಸರಿಯಾಗಿದ್ದಾಗಲೂ ಹೆಸರುಗಳನ್ನು ನೆನಪಿಸುತ್ತದೆಯೇ ಹೊರತು, ಪ್ರಶ್ನೆಯಲ್ಲಿ ಹೆಸರೇ ಇಲ್ಲದೆ ಸನ್ನಿವೇಶ ಮಾತ್ರ ಇದ್ದಾಗ ನೆರವಿಗೆ ಬರುವುದಿಲ್ಲ. ಆ ಹಣಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಮಾಡಿಸಿಕೊಳ್ಳುವುದು ಮೇಲು.

ನಾಲ್ಕನೆಯ ಹಂತ: ಸ್ಥಾಯಿಯೊಳಗೆ ಯಾವುದು

ಸ್ಥಾಯಿ ಎಂದು ಖಚಿತವಾದ ಮೇಲೆ, ಅಧಿಕಾರಿಗೆ ಸ್ವಂತ ವಿವೇಚನೆ ಬಳಸಲು ಎಷ್ಟು ಅವಕಾಶ ಉಳಿದಿದೆ ಎಂದು ನೋಡಬೇಕು. 'ವೇಳಾಪಟ್ಟಿ ಮಾಡುವಾಗ ಶಾಲಾ ಮಕ್ಕಳ ಅನುಕೂಲಕ್ಕೆ ಆದ್ಯತೆ ಕೊಡಬೇಕು' ಎಂಬುದು ನೀತಿ, ಏಕೆಂದರೆ ಹೇಗೆ, ಎಷ್ಟು ಎಂಬುದನ್ನು ಅಧಿಕಾರಿಯೇ ತೀರ್ಮಾನಿಸುತ್ತಾನೆ. ಬಸ್ ಡಿಪೋಗೆ ಬಂದೊಡನೆ ಮೊದಲು ದೂರು ಪುಸ್ತಕ, ನಂತರ ತಪಾಸಣೆ, ನಂತರ ಇಂಧನ, ಕೊನೆಗೆ ಸಹಿ ಎಂಬ ಅನುಕ್ರಮ ಕಾರ್ಯವಿಧಾನ. ಆ ಅನುಕ್ರಮದ ಒಂದು ಮೆಟ್ಟಿಲನ್ನು, ಉದಾಹರಣೆಗೆ ಟಯರಿನ ಗಾಳಿ ಪರೀಕ್ಷೆಯನ್ನು, ನಿಗದಿಪಡಿಸಿದ ರೀತಿಯಲ್ಲಿ ಮಾಡುವುದು ವಿಧಾನ. 'ಬಸ್ಸಿನೊಳಗೆ ಧೂಮಪಾನ ಮಾಡಬಾರದು' ಎಂಬಲ್ಲಿ ವಿವೇಚನೆಗೆ ಜಾಗವೇ ಇಲ್ಲ, ಅದು ನಿಯಮ.

ಕಾರ್ಯವಿಧಾನ ಮತ್ತು ಕಾರ್ಯಕ್ರಮ ಎರಡರಲ್ಲೂ ಹಂತಗಳಿರುತ್ತವೆಂಬ ಕಾರಣಕ್ಕೆ ಅವುಗಳನ್ನು ಅದಲುಬದಲು ಮಾಡುವುದುಂಟು. ಕಾರ್ಯಕ್ರಮಕ್ಕೆ ಒಂದು ಗುರಿ ಮತ್ತು ಕೊನೆಯ ದಿನ ಇರುತ್ತದೆ, ಕಾರ್ಯವಿಧಾನಕ್ಕೆ ಕೊನೆಯ ದಿನವಿರುವುದಿಲ್ಲ; ಅಷ್ಟು ನೋಡಿದರೆ ಸಾಕು.

ಐದನೆಯ ಹಂತ: ಎರಡರಲ್ಲೂ ಸೇರದವುಗಳನ್ನು ಬದಿಗಿಡುವುದು

'ಕೆಳಗಿನವುಗಳಲ್ಲಿ ಯಾವುದು ಸ್ಥಾಯಿ ಯೋಜನೆಯಲ್ಲ' ಎಂಬ ಪ್ರಶ್ನೆಗೆ ನೀತಿ, ನಿಯಮ, ವಿಧಾನ, ಸ್ಟ್ರಾಟೆಜಿ ಎಂದು ಆಯ್ಕೆಗಳಿದ್ದರೆ ಉತ್ತರ ಸ್ಟ್ರಾಟೆಜಿ. ಆದರೆ ಅಲ್ಲಿಂದ ಸ್ಟ್ರಾಟೆಜಿ ಏಕಬಳಕೆಯದು ಎಂದು ತೀರ್ಮಾನಿಸಬಾರದು. ಪಿಯುಸಿ ಪಠ್ಯದ ಪ್ರಕಾರ ಉದ್ದೇಶ ಮತ್ತು ಸ್ಟ್ರಾಟೆಜಿಗಳನ್ನು ಸಾಮಾನ್ಯವಾಗಿ ಎರಡೂ ಗುಂಪಿಗೆ ಸೇರಿಸುವುದಿಲ್ಲ. ಏಕಬಳಕೆಯ ಸಾಲಿನಲ್ಲಿ ಬರುವುದು ಕಾರ್ಯಕ್ರಮ, ಪ್ರಾಜೆಕ್ಟ್ ಮತ್ತು ಬಜೆಟ್. ಹೀಗಾಗಿ ನೀತಿ, ಉದ್ದೇಶ, ಬಜೆಟ್, ನಿಯಮ ಎಂಬ ಆಯ್ಕೆಗಳಿಟ್ಟು ಏಕಬಳಕೆಯದನ್ನು ಕೇಳಿದಾಗ ಉದ್ದೇಶ ಎಂಬುದು ಬರಿಯ ಬಲೆ.

ಮಟ್ಟದ ಪ್ರಶ್ನೆಗಳಲ್ಲಿಯೂ ಪಠ್ಯದಿಂದ ಪಠ್ಯಕ್ಕೆ ಒಂದು ವ್ಯತ್ಯಾಸವಿದೆ. ಕೆಲವು ನಿರ್ವಹಣಾ ಪಠ್ಯಗಳು ವ್ಯಾಪ್ತಿಯ ಆಧಾರದಲ್ಲಿ ಸ್ಟ್ರಾಟೆಜಿಕ್ ಮತ್ತು ಆಪರೇಷನಲ್ ಎಂದು ಎರಡನ್ನೇ ಹೇಳಿ ಟ್ಯಾಕ್ಟಿಕಲ್ ಅನ್ನು ಬಿಡುತ್ತವೆ. ಇನ್ನು ಕೆಲವು ಮೂರನ್ನೂ ಹೇಳಿ, ಏಕಬಳಕೆ ಮತ್ತು ಸ್ಥಾಯಿಗಳನ್ನು ಆಪರೇಷನಲ್ ಯೋಜನೆಯ ಒಳವಿಭಾಗಗಳಾಗಿ ತೋರಿಸುತ್ತವೆ. ಎರಡನೆಯ ಪಠ್ಯವನ್ನು ಆಧರಿಸಿದ ಪ್ರಶ್ನೆಯಲ್ಲಿ 'ಆಪರೇಷನಲ್ ಯೋಜನೆಗಳ ಎರಡು ಬಗೆಗಳು ಯಾವುವು' ಎಂದು ಕೇಳಿದರೆ ಏಕಬಳಕೆ ಮತ್ತು ಸ್ಥಾಯಿ ಎಂದೇ ಗುರುತಿಸಬೇಕು. ಯಾವ ಪಠ್ಯದ ಪ್ರಶ್ನೆ ಎಂಬುದು ಆಯ್ಕೆಗಳಿಂದಲೇ ತಿಳಿಯುತ್ತದೆ: ನಾಲ್ಕು ಆಯ್ಕೆಗಳಲ್ಲಿ ಟ್ಯಾಕ್ಟಿಕಲ್ ಇಲ್ಲದೆ ಮಧ್ಯಮ ಹಂತದ ವಿಭಾಗೀಯ ಯೋಜನೆಯ ಬಗ್ಗೆ ಕೇಳಿದ್ದರೆ, ಅಲ್ಲಿ ಆಪರೇಷನಲ್ ಎಂಬುದನ್ನೇ ಆರಿಸಿಕೊಳ್ಳಬೇಕು.